ಹಾಲು ಒಗ್ಗದವರ ಕ್ಯಾಲ್ಸಿಯಂ ಲೆಕ್ಕ

ತುಮಕೂರಿನ ಒಂದು ಮನೆ ಎಂದುಕೊಳ್ಳೋಣ. ಮನೆಯಾಕೆಗೆ 54 ವರ್ಷ, ಮುಟ್ಟು ನಿಂತು ನಾಲ್ಕು ವರ್ಷವಾಗಿದೆ. ರಾತ್ರಿ ಮಲಗುವ ಮುನ್ನ ದೊಡ್ಡ ಲೋಟದ ತುಂಬ ಹಾಲು ಕುಡಿಯುವುದು ಆಕೆಗೆ ಚಿಕ್ಕಂದಿನಿಂದ ಬಂದ ರೂಢಿ. ಆದರೆ ಕೆಲವು ವರ್ಷಗಳಿಂದ ಹಾಲು ಕುಡಿದು ಗಂಟೆ ಕಳೆಯುವಷ್ಟರಲ್ಲಿ ಹೊಟ್ಟೆ ಉಬ್ಬುತ್ತಿತ್ತು, ಗುಡುಗುಡು ಎನ್ನುತ್ತಿತ್ತು, ಒಮ್ಮೊಮ್ಮೆ ಭೇದಿಯೂ ಆಗುತ್ತಿತ್ತು. ಯಾರೋ "ನಿಮಗೆ ಹಾಲು ಒಗ್ಗಲ್ಲ ಕಣ್ರೀ, ಬಿಟ್ಟುಬಿಡಿ" ಎಂದರು. ಆಕೆ ಹಾಲು ಬಿಟ್ಟರು. ಅದರ ಜೊತೆಗೆ ಮೊಸರನ್ನೂ ಮಜ್ಜಿಗೆಯನ್ನೂ ಬಿಟ್ಟರು, ಕಾಫಿಗೂ ಹಾಲು ಬೇಡವೆಂದರು. ಹೊಟ್ಟೆ ಸುಮ್ಮನಾಯಿತು. ಎರಡು ವರ್ಷದ ಮೇಲೆ ಬಚ್ಚಲುಮನೆಯಲ್ಲಿ ಕಾಲು ಜಾರಿ, ಕೈ ಊರಿ ಬಿದ್ದಾಗ ಮಣಿಕಟ್ಟು ಮುರಿಯಿತು.

ಇದು ಕಲ್ಪಿಸಿಕೊಂಡ ಮನೆ. ಆದರೆ ಇಂಥವರು ನಮ್ಮ ಪ್ರತಿ ಬೀದಿಯಲ್ಲೂ ಇದ್ದಾರೆ. ಮಣಿಕಟ್ಟು ಮುರಿಯಲು ಹಾಲು ಬಿಟ್ಟದ್ದೊಂದೇ ಕಾರಣ ಎನ್ನಲಾಗದು. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಹಾರ್ಮೋನು ಇಳಿಯುತ್ತದೆ, ಮೊದಲ ಕೆಲವು ವರ್ಷ ಮೂಳೆ ಬೇಗ ಬೇಗ ಸವೆಯುತ್ತದೆ. ಅದು ಪ್ರತಿ ಹೆಂಗಸಿಗೂ ಆಗುವಂಥದ್ದು. ಆದರೆ ಸರಿಯಾಗಿ ಅದೇ ಹೊತ್ತಿಗೆ ಊಟದಲ್ಲಿದ್ದ ಕ್ಯಾಲ್ಸಿಯಂ ಅರ್ಧಕ್ಕಿಂತ ಕೆಳಗೆ ಇಳಿದುಬಿಟ್ಟರೆ ದೇಹದ ಮುಂದೆ ಒಂದೇ ದಾರಿ ಉಳಿಯುತ್ತದೆ. ರಕ್ತಕ್ಕೆ ಬೇಕಾದ ಕ್ಯಾಲ್ಸಿಯಂ ಅನ್ನು ಅದು ಮೂಳೆಯಿಂದ ತೆಗೆದುಕೊಳ್ಳುತ್ತದೆ.

ಈ ತೆಗೆದುಕೊಳ್ಳುವಿಕೆ ಹೊರಗೆ ಕಾಣುವುದಿಲ್ಲ. ದೇಹದ ಕ್ಯಾಲ್ಸಿಯಂನಲ್ಲಿ ಶೇಕಡಾ 99ರಷ್ಟು ಮೂಳೆ ಮತ್ತು ಹಲ್ಲುಗಳಲ್ಲಿದೆ. ಉಳಿದ ಒಂದು ಪಾಲು ರಕ್ತದಲ್ಲೂ ಜೀವಕೋಶಗಳಲ್ಲೂ ಇದ್ದು ಹೃದಯದ ಬಡಿತ, ಸ್ನಾಯುವಿನ ಸೆಳೆತ, ನರಗಳ ಸಂದೇಶ ಇವನ್ನೆಲ್ಲ ನಡೆಸುತ್ತದೆ. ರಕ್ತದಲ್ಲಿ ಅದರ ಮಟ್ಟ ಸ್ವಲ್ಪ ಇಳಿದರೂ ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ಎಚ್ಚೆತ್ತು ಮೂಳೆಯಿಂದ ಕ್ಯಾಲ್ಸಿಯಂ ಬಿಡಿಸಿ ತರುತ್ತವೆ. ಹಾಗಾಗಿ "ರಕ್ತ ಪರೀಕ್ಷೆ ಮಾಡಿಸಿದೆ, ಕ್ಯಾಲ್ಸಿಯಂ ಸರಿಯಾಗೇ ಇದೆ" ಎಂದು ಸಮಾಧಾನಪಡುವುದರಲ್ಲಿ ಅರ್ಥವಿಲ್ಲ. ರಕ್ತದ ಆ ಅಂಕಿ ಊಟದ ಲೆಕ್ಕ ಹೇಳುವುದಿಲ್ಲ. ಮೂಳೆ ಎಷ್ಟು ತೆಳುವಾಗಿದೆ ಎಂದು ತಿಳಿಯಲು ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಬೇಕು. ಊಟದಲ್ಲಿ ಎಷ್ಟು ಬರುತ್ತಿದೆ ಎಂದು ತಿಳಿಯಲು ತಟ್ಟೆಯನ್ನೇ ನೋಡಬೇಕು.

ಹಾಗಾದರೆ ಎಷ್ಟು ಬೇಕು? ಭಾರತೀಯರಿಗೆ ಈ ಲೆಕ್ಕ ಹಾಕಿಕೊಡುವುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ. 2010ರ ಪಟ್ಟಿಯಲ್ಲಿ ವಯಸ್ಕರಿಗೆ ದಿನಕ್ಕೆ 600 ಮಿಲಿಗ್ರಾಂ ಸಾಕೆಂದಿತ್ತು. 2020ರಲ್ಲಿ ಅದನ್ನು 1000 ಮಿಲಿಗ್ರಾಂಗೆ ಏರಿಸಿದರು. ಹಳೆಯ ಪಠ್ಯಪುಸ್ತಕ ಓದಿದವರಿಗೆ 600 ಎಂಬುದೇ ಇನ್ನೂ ನೆನಪಿರಬಹುದು. ಅದನ್ನು ಈಗ ಮರೆಯುವುದೇ ಒಳ್ಳೆಯದು. ಹರೆಯದಲ್ಲಿ, ಅಂದರೆ 16ರಿಂದ 18ರ ನಡುವೆ ಮೂಳೆ ಇನ್ನೂ ತುಂಬಿಕೊಳ್ಳುತ್ತಿರುವುದರಿಂದ 1050 ಬೇಕು. ಬಸುರಿಗೆ 1000, ಹಾಲೂಡಿಸುವ ತಾಯಿಗೆ 1200. ಅರವತ್ತು ದಾಟಿದವರಿಗೆ, ಗಂಡಾಗಲಿ ಹೆಣ್ಣಾಗಲಿ, 1200. ಅಮೆರಿಕದ ಪಟ್ಟಿಯಲ್ಲಿ ಹೆಂಗಸರಿಗೆ ಈ ಏರಿಕೆ 51ಕ್ಕೇ ಶುರುವಾಗುತ್ತದೆ, ಗಂಡಸರಿಗೆ 70 ದಾಟಿದ ಮೇಲೆ. ತುಮಕೂರಿನ ಆಕೆಯ ವಿಷಯದಲ್ಲಿ 1200 ಅನ್ನೇ ಗುರಿಯಾಗಿ ಹಿಡಿಯುವುದು ಲೇಸು.

ವಯಸ್ಸಾದ ಮೇಲೆ ಯಾಕೆ ಹೆಚ್ಚು ಎಂದರೆ, ಕರುಳು ಕ್ಯಾಲ್ಸಿಯಂ ಹೀರುವ ಶಕ್ತಿ ವಯಸ್ಸಿನೊಂದಿಗೆ ಕುಗ್ಗುತ್ತದೆ. ಮೂಳೆ ಮೂವತ್ತರ ಆಸುಪಾಸಿಗೆ ತನ್ನ ಗರಿಷ್ಠ ಗಟ್ಟಿತನ ಮುಟ್ಟಿರುತ್ತದೆ. ಅಲ್ಲಿಂದ ಮುಂದೆ ತಿನ್ನುವ ಕ್ಯಾಲ್ಸಿಯಂ ಇರುವುದನ್ನು ಉಳಿಸಿಕೊಳ್ಳಲು.

ಈಗ ಹಾಲಿನ ಮಾತಿಗೆ ಬರೋಣ. ಹಾಲಿನಲ್ಲಿರುವ ಸಕ್ಕರೆಯ ಹೆಸರು ಲ್ಯಾಕ್ಟೋಸ್. ಅದನ್ನು ಒಡೆಯಲು ಸಣ್ಣಕರುಳಿನ ಒಳಗೋಡೆ ಲ್ಯಾಕ್ಟೇಸ್ ಎಂಬ ಕಿಣ್ವವನ್ನು ತಯಾರಿಸುತ್ತದೆ. ಮೊಲೆಹಾಲು ಕುಡಿಯುವ ಕೂಸಿನಲ್ಲಿ ಈ ಕಿಣ್ವ ಧಾರಾಳ. ಹಾಲು ಬಿಟ್ಟ ಮೇಲೆ ಹೆಚ್ಚಿನ ಮನುಷ್ಯರಲ್ಲಿ ಅದು ವರ್ಷ ವರ್ಷವೂ ಕಡಿಮೆಯಾಗುತ್ತಾ ಹೋಗುತ್ತದೆ. ಇದು ಕಾಯಿಲೆಯಲ್ಲ, ಪ್ರಪಂಚದ ಮೂರರಲ್ಲಿ ಎರಡು ಪಾಲು ವಯಸ್ಕರ ಸ್ಥಿತಿಯೇ ಇದು. ಸಾವಿರಾರು ವರ್ಷ ದನ ಸಾಕಿ ಹಾಲು ಕುಡಿದ ಕೆಲವು ಜನಾಂಗಗಳಲ್ಲಿ ಮಾತ್ರ ಕಿಣ್ವ ಆರದಂತೆ ಉಳಿಸುವ ಒಂದು ಜೀನ್ ಬದಲಾವಣೆ ಹರಡಿದೆ. ಭಾರತದಲ್ಲೂ ಅದು ಇದೆ, ಉತ್ತರದಲ್ಲಿ ಹೆಚ್ಚು, ದಕ್ಷಿಣದಲ್ಲಿ ಕಡಿಮೆ. ಒಡೆಯದೆ ಉಳಿದ ಲ್ಯಾಕ್ಟೋಸ್ ದೊಡ್ಡಕರುಳಿಗೆ ಇಳಿದಾಗ ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಗಾಳಿ ಎಬ್ಬಿಸುತ್ತವೆ, ಸಕ್ಕರೆಯು ನೀರನ್ನೂ ಕರುಳಿನೊಳಕ್ಕೆ ಎಳೆಯುತ್ತದೆ. ಉಬ್ಬರ, ನುಲಿತ, ಭೇದಿ ಎಲ್ಲವೂ ಅದರ ಫಲ.

ಇಲ್ಲಿ ಒಂದು ಸಂಗತಿಯನ್ನು ಹೆಚ್ಚಿನವರು ಗಮನಿಸುವುದಿಲ್ಲ. ತೊಂದರೆ ಪ್ರಮಾಣಕ್ಕೆ ಕಟ್ಟುಬಿದ್ದದ್ದು. ಲ್ಯಾಕ್ಟೋಸ್ ಒಗ್ಗದ ಬಹುಪಾಲು ಜನ ಒಂದು ಹೊತ್ತಿಗೆ ಸುಮಾರು 12 ಗ್ರಾಂವರೆಗೆ, ಅದರಲ್ಲೂ ಊಟದ ಜೊತೆಯಲ್ಲಾದರೆ, ಹೆಚ್ಚು ತೊಂದರೆಯಿಲ್ಲದೆ ತಡೆದುಕೊಳ್ಳುತ್ತಾರೆ. 100 ಮಿಲಿಲೀಟರ್ ಹಾಲಿನಲ್ಲಿ 5 ಗ್ರಾಂಗೆ ಹತ್ತಿರದಷ್ಟು ಲ್ಯಾಕ್ಟೋಸ್ ಇರುತ್ತದೆ. ನಮ್ಮ ಸಣ್ಣ ಲೋಟದ ಫಿಲ್ಟರ್ ಕಾಫಿಗೆ ಬೀಳುವ ಹಾಲು 60–70 ಮಿಲಿಲೀಟರ್ ಎಂದರೆ ಲ್ಯಾಕ್ಟೋಸ್ ಮೂರು ಗ್ರಾಂ ಚಿಲ್ಲರೆ. ತುಮಕೂರಿನ ಆಕೆಯ ಹೊಟ್ಟೆ ಕೆಡಿಸುತ್ತಿದ್ದದ್ದು ಬೆಳಗಿನ ಕಾಫಿಯಲ್ಲ, ರಾತ್ರಿ ಬರಿಹೊಟ್ಟೆಯಂಥ ಹೊತ್ತಿನಲ್ಲಿ ಒಂದೇ ಉಸಿರಿಗೆ ಕುಡಿಯುತ್ತಿದ್ದ 300 ಮಿಲಿಲೀಟರ್ ಹಾಲು. ಅದರಲ್ಲಿ ಲ್ಯಾಕ್ಟೋಸ್ 15 ಗ್ರಾಂ ಮುಟ್ಟುತ್ತದೆ. ಬಿಡಬೇಕಿದ್ದದ್ದು ಆ ಲೋಟವೊಂದನ್ನೇ.

ಮೊಸರನ್ನು ಬಿಟ್ಟದ್ದಂತೂ ದೊಡ್ಡ ನಷ್ಟ. ಹೆಪ್ಪು ಹಾಕಿದ ಹಾಲಿನಲ್ಲಿ ಬ್ಯಾಕ್ಟೀರಿಯಾಗಳು ಲ್ಯಾಕ್ಟೋಸಿನ ಒಂದಿಷ್ಟು ಭಾಗವನ್ನು ತಿಂದು ಹುಳಿಯಾಗಿಸುತ್ತವೆ. ಅಷ್ಟೇ ಅಲ್ಲ, ಆ ಬ್ಯಾಕ್ಟೀರಿಯಾಗಳ ಒಳಗೇ ಲ್ಯಾಕ್ಟೋಸ್ ಒಡೆಯುವ ಕಿಣ್ವ ಇರುತ್ತದೆ. ಮೊಸರು ತಿಂದಾಗ ಅವು ನಮ್ಮ ಸಣ್ಣಕರುಳಿಗೆ ಇಳಿದು, ಉಳಿದ ಲ್ಯಾಕ್ಟೋಸನ್ನು ಅಲ್ಲೇ ಒಡೆಯುತ್ತವೆ. ಹಾಲು ಒಗ್ಗದ ಬಹಳಷ್ಟು ಜನರಿಗೆ ಮೊಸರು ಒಗ್ಗುವುದು ಇದಕ್ಕೇ. ಕ್ಯಾಲ್ಸಿಯಂ ಮಾತ್ರ ಹಾಲಿನಲ್ಲಿದ್ದಷ್ಟೇ, 100 ಗ್ರಾಂಗೆ ಸುಮಾರು 120 ಮಿಲಿಗ್ರಾಂ, ಮೊಸರಿನಲ್ಲೂ ಉಳಿಯುತ್ತದೆ. ಆದರೆ ಮೊಸರು ಕುದಿಯಬಾರದು. ಮಜ್ಜಿಗೆಹುಳಿ ಚೆನ್ನಾಗಿ ಕುದಿಸಿದರೆ ಬ್ಯಾಕ್ಟೀರಿಯಾ ಸತ್ತು ಕಿಣ್ವವೂ ಹಾಳಾಗುತ್ತದೆ. ಕ್ಯಾಲ್ಸಿಯಂ ಹೋಗುವುದಿಲ್ಲ, ಹೊಟ್ಟೆಗೆ ಸಿಗುತ್ತಿದ್ದ ನೆರವು ಹೋಗುತ್ತದೆ. ನೀರು ಮಜ್ಜಿಗೆಗೆ ಇನ್ನೊಂದು ಮಿತಿ ಇದೆ. ಒಂದು ಪಾಲು ಮೊಸರಿಗೆ ಮೂರು ಪಾಲು ನೀರು ಬೆರೆಸಿದರೆ ಒಂದು ಲೋಟ ಮಜ್ಜಿಗೆಯಲ್ಲಿ ಕ್ಯಾಲ್ಸಿಯಂ ಕಾಲುಭಾಗಕ್ಕೆ ಇಳಿದಿರುತ್ತದೆ. ಬಾಯಾರಿಕೆಗೆ ಅದು ಚೆನ್ನ, ಮೂಳೆಯ ಲೆಕ್ಕಕ್ಕೆ ಗಟ್ಟಿ ಮೊಸರೇ ಬೇಕು. ತುಪ್ಪ ಮತ್ತು ಬೆಣ್ಣೆಯಲ್ಲಿ ಲ್ಯಾಕ್ಟೋಸ್ ಇಲ್ಲವೆನ್ನುವಷ್ಟು ಕಡಿಮೆ, ಕ್ಯಾಲ್ಸಿಯಮ್ಮೂ ಹಾಗೆಯೇ. ಖೋವಾದ ಮಾತು ಬೇರೆ. ಹಾಲು ಬತ್ತಿಸಿದಷ್ಟೂ ಲ್ಯಾಕ್ಟೋಸ್ ಒತ್ತಾಗುತ್ತದೆ, ಎರಡು ಪೇಡ ತಿಂದು ಹೊಟ್ಟೆ ಕೆಟ್ಟರೆ ಆಶ್ಚರ್ಯವಿಲ್ಲ.

ಅಂಗಡಿಗಳಲ್ಲಿ ಈಗ ಲ್ಯಾಕ್ಟೋಸ್ ಇಲ್ಲದ ಹಾಲೂ ಸಿಗುತ್ತದೆ. ಅದು ಸಾಮಾನ್ಯ ಹಸುವಿನ ಹಾಲೇ, ಕಾರ್ಖಾನೆಯಲ್ಲಿ ಲ್ಯಾಕ್ಟೇಸ್ ಬೆರೆಸಿ ಸಕ್ಕರೆಯನ್ನು ಮೊದಲೇ ಒಡೆದಿರುತ್ತಾರೆ. ಒಡೆದ ಸಕ್ಕರೆ ಹೆಚ್ಚು ಸಿಹಿಯಾದ್ದರಿಂದ ಹಾಲಿಗೆ ಸಕ್ಕರೆ ಹಾಕಿದಂತೆ ರುಚಿ ಬರುತ್ತದೆ. ಕ್ಯಾಲ್ಸಿಯಂ ಅಷ್ಟೇ ಇರುತ್ತದೆ. ಸೋಯಾ ಹಾಲು, ಬಾದಾಮಿ ಹಾಲುಗಳ ವಿಷಯದಲ್ಲಿ ಮಾತ್ರ ಡಬ್ಬಿಯ ಹಿಂಭಾಗ ಓದಲೇಬೇಕು. ಹೊರಗಿನಿಂದ ಕ್ಯಾಲ್ಸಿಯಂ ಸೇರಿಸಿದ್ದರೆ ಹಾಲಿಗೆ ಸಮ, ಸೇರಿಸದಿದ್ದರೆ ಲೆಕ್ಕಕ್ಕೆ ಹಿಡಿಯುವಷ್ಟಿಲ್ಲ. ಸೇರಿಸಿದ ಕ್ಯಾಲ್ಸಿಯಂ ತಳದಲ್ಲಿ ಕೂರುತ್ತದೆ, ಬಗ್ಗಿಸುವ ಮುನ್ನ ಡಬ್ಬಿ ಚೆನ್ನಾಗಿ ಅಲುಗಿಸಬೇಕು.

ಇನ್ನು ಹಾಲಿನಾಚೆಗಿನ ಮೂಲಗಳು. ಈ ವಿಷಯದಲ್ಲಿ ಕರ್ನಾಟಕದವರು ಪುಣ್ಯವಂತರು, ಯಾಕೆಂದರೆ ನಮ್ಮಲ್ಲಿ ರಾಗಿ ಇದೆ. ಅಕ್ಕಿಯ 100 ಗ್ರಾಂನಲ್ಲಿ 10 ಮಿಲಿಗ್ರಾಂ ಕ್ಯಾಲ್ಸಿಯಂ ಸಿಗುವುದೂ ಕಷ್ಟ. ಗೋಧಿಯಲ್ಲಿ ಮೂವತ್ತು ನಲವತ್ತು. ರಾಗಿಯಲ್ಲಿ 350ರ ಆಸುಪಾಸು. ಧಾನ್ಯಗಳಲ್ಲಿ ಇದರ ಹತ್ತಿರ ಬರುವುದು ಇನ್ನೊಂದಿಲ್ಲ. 80 ಗ್ರಾಂ ಹಿಟ್ಟಿನ ಒಂದು ಮುದ್ದೆಯಲ್ಲಿ 280 ಮಿಲಿಗ್ರಾಂ ಹತ್ತಿರ ಕ್ಯಾಲ್ಸಿಯಂ ಇರುತ್ತದೆ, ಒಂದು ದೊಡ್ಡ ಲೋಟ ಹಾಲಿನಷ್ಟು.

ಆದರೆ ಇಲ್ಲಿ ಪ್ರಾಮಾಣಿಕವಾಗಿ ಒಂದು ಮಾತು ಹೇಳಬೇಕು. ತಟ್ಟೆಯಲ್ಲಿ ಇದ್ದದ್ದೆಲ್ಲ ರಕ್ತಕ್ಕೆ ಸೇರುವುದಿಲ್ಲ. ಹಾಲಿನ ಕ್ಯಾಲ್ಸಿಯಂನಲ್ಲೇ ಕರುಳು ಹೀರಿಕೊಳ್ಳುವುದು ಮೂರನೇ ಒಂದು ಪಾಲಿನಷ್ಟು. ರಾಗಿಯಲ್ಲಿ ಫೈಟೇಟ್ ಎಂಬ ವಸ್ತು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಂಡು ಹೀರುವಿಕೆಯನ್ನು ಇನ್ನೂ ತಗ್ಗಿಸುತ್ತದೆ. ಇದಕ್ಕೆ ಮದ್ದು ನಮ್ಮ ಅಡುಗೆಮನೆಯಲ್ಲೇ ಇದೆ. ರಾಗಿಯನ್ನು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಘಮ ಬರುವಂತೆ ಹದವಾಗಿ ಹುರಿದು ಬೀಸಿದರೆ ಮೊಳಕೆಯ ಕಿಣ್ವಗಳು ಫೈಟೇಟಿನ ಒಳ್ಳೆಯ ಭಾಗವನ್ನು ಕರಗಿಸಿರುತ್ತವೆ. ಮನೆಗಳಲ್ಲಿ ಮಗುವಿಗೆಂದು ಮಾಡುವ ರಾಗಿಸರಿಯ ಹಿಟ್ಟು ಇದೇ. ಹುಳಿ ಬಂದ ಅಂಬಲಿ, ಹುದುಗಿಸಿದ ರಾಗಿ ದೋಸೆಯಲ್ಲೂ ಫೈಟೇಟ್ ಇಳಿಯುತ್ತದೆ. ದೊಡ್ಡವರಿಗೂ ಇವು ಬೇಕು, ಮಗುವಿನ ಡಬ್ಬಿಗೆ ಮಾತ್ರ ಮೀಸಲಿಡುವುದಲ್ಲ.

ಸೊಪ್ಪಿನಲ್ಲಂತೂ ಈ ಹೀರುವಿಕೆಯ ವ್ಯತ್ಯಾಸ ಕಣ್ಣಿಗೆ ಹೊಡೆಯುವಷ್ಟಿದೆ. ಪಾಲಕ್ ಸೊಪ್ಪಿನಲ್ಲಿ ಆಕ್ಸಲೇಟ್ ತುಂಬ. ಅದು ಕ್ಯಾಲ್ಸಿಯಂ ಜೊತೆ ಸೇರಿ ಕರಗದ ಹರಳಾಗಿ ಹೊರಗೆ ಹೋಗುತ್ತದೆ. ಪಾಲಕ್‌ನ ಕ್ಯಾಲ್ಸಿಯಂನಲ್ಲಿ ದೇಹಕ್ಕೆ ಸಿಗುವುದು ಶೇಕಡಾ 5ರಷ್ಟು ಮಾತ್ರ ಎಂದು ಅಮೆರಿಕದ ವೈದ್ಯ ರಾಬರ್ಟ್ ಹೀನಿ ಮತ್ತು ಜೊತೆಗಾರರು 1988ರಲ್ಲೇ ಅಳೆದು ತೋರಿಸಿದರು. ಪಾಲಕ್ ಒಳ್ಳೆಯ ಸೊಪ್ಪೇ, ಆದರೆ ಕ್ಯಾಲ್ಸಿಯಂಗಾಗಿ ಅದನ್ನು ನೆಚ್ಚಬಾರದು. ದಂಟಿನ ಸೊಪ್ಪು, ಹರಿವೆಯಲ್ಲೂ ಆಕ್ಸಲೇಟ್ ಇದೆ. ಹೆಚ್ಚು ನೀರಿನಲ್ಲಿ ಬೇಯಿಸಿ ಬಸಿದರೆ ಆಕ್ಸಲೇಟಿನ ಒಂದು ಭಾಗ ನೀರಿಗೆ ಬರುತ್ತದೆ. ಬಸ್ಸಾರು ಮಾಡುವವರು ಆ ಬಸಿದ ನೀರನ್ನೇ ಸಾರಿಗೆ ಬಳಸುತ್ತಾರಾದ್ದರಿಂದ ಅಲ್ಲಿ ಆ ಲಾಭ ಅಷ್ಟಾಗಿ ದಕ್ಕುವುದಿಲ್ಲ. ಹಿತ್ತಲಲ್ಲಿ ನುಗ್ಗೆಮರ ಇದ್ದವರು ಅದರ ಸೊಪ್ಪನ್ನು ವಾರಕ್ಕೆರಡು ಮೂರು ದಿನವಾದರೂ ಪಲ್ಯಕ್ಕೋ ರೊಟ್ಟಿಗೋ ಬಳಸಬೇಕು. 100 ಗ್ರಾಂ ಹಸಿ ಸೊಪ್ಪಿನಲ್ಲಿ 300 ಮಿಲಿಗ್ರಾಂ ಮೀರಿ ಕ್ಯಾಲ್ಸಿಯಂ ಇದೆ. ಎಲೆಕೋಸು, ನವಿಲುಕೋಸಿನ ಎಲೆಗಳಲ್ಲಿ ಆಕ್ಸಲೇಟ್ ಕಡಿಮೆ. ಮಾರುಕಟ್ಟೆಯಲ್ಲಿ ನವಿಲುಕೋಸಿನ ಎಲೆ ಕಿತ್ತು ಎಸೆಯುವುದನ್ನು ನೋಡಿದರೆ ಸಂಕಟವಾಗುತ್ತದೆ.

ಎಳ್ಳಿನದು ಇನ್ನೊಂದು ಕಥೆ. ಸಿಪ್ಪೆ ಸಹಿತದ ಎಳ್ಳಿನ 100 ಗ್ರಾಂನಲ್ಲಿ 1000 ಮಿಲಿಗ್ರಾಂ ಮೀರಿ ಕ್ಯಾಲ್ಸಿಯಂ ಇದೆ. ಆದರೆ ಅದರ ಬಹುಭಾಗ ಇರುವುದು ಸಿಪ್ಪೆಯಲ್ಲಿ. ಸಂಕ್ರಾಂತಿಯ ಎಳ್ಳುಬೆಲ್ಲಕ್ಕೆ ಸಿಪ್ಪೆ ಉಜ್ಜಿ ತೆಗೆದ ಬಿಳಿ ಎಳ್ಳು ಹಾಕಿದ್ದರೆ ಅದರಲ್ಲಿ ಹೆಚ್ಚಿನ ಕ್ಯಾಲ್ಸಿಯಂ ಹೋಗಿಯೇಬಿಟ್ಟಿರುತ್ತದೆ. ಸಿಪ್ಪೆಯಲ್ಲಿ ಆಕ್ಸಲೇಟೂ ಇದೆ ಎಂಬುದನ್ನು ಮರೆಯುವಂತಿಲ್ಲ, ಹಾಗಾಗಿ ಎಳ್ಳೊಂದನ್ನೇ ನಂಬಿ ಕೂರಬಾರದು. ಕಪ್ಪೆಳ್ಳನ್ನು ಹುರಿದು ಪುಡಿ ಮಾಡಿ ಊಟಕ್ಕೆ ಎರಡು ಚಮಚ ಹಾಕಿಕೊಂಡರೆ ಸಾಕು. ಇಡೀ ಕಾಳು ಅಗಿಯದೆ ನುಂಗಿದರೆ ಹಾಗೇ ಹೊರಗೆ ಹೋಗುತ್ತದೆ, ಪುಡಿಯೇ ಮೇಲು. ಕರಾವಳಿಯವರಿಗೆ ಸುಲಭದ ದಾರಿ ಮೀನು. ಆದರೆ ಕ್ಯಾಲ್ಸಿಯಂ ಇರುವುದು ಮಾಂಸದಲ್ಲಲ್ಲ, ಮುಳ್ಳಿನಲ್ಲಿ. ಮುಳ್ಳು ಮೆತ್ತಗಾಗುವಂತೆ ಬೇಯಿಸಿದ ಸಣ್ಣ ಬೂತಾಯಿ, ಮುಳ್ಳು ಸಮೇತ ತಿನ್ನುವ ಸಣ್ಣ ಒಣಮೀನು ಲೆಕ್ಕಕ್ಕೆ ಬರುತ್ತವೆ. ಅಂಜಲದ ತುಂಡು ಬರುವುದಿಲ್ಲ.

ಈಗ ತುಮಕೂರಿನ ಆಕೆಯ ತಟ್ಟೆಗೆ ಮರಳೋಣ. ಹಾಲು ಮೊಸರು ಬಿಟ್ಟಿದ್ದ ದಿನಗಳಲ್ಲಿ ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಅನ್ನ, ಬೇಳೆ ಸಾರು, ಹುರುಳಿಕಾಯಿ ಪಲ್ಯ, ರಾತ್ರಿ ಚಪಾತಿ. ಎಲ್ಲ ಕೂಡಿಸಿದರೂ ಸಿಗುತ್ತಿದ್ದ ಕ್ಯಾಲ್ಸಿಯಂ 250, ಹೆಚ್ಚೆಂದರೆ 300 ಮಿಲಿಗ್ರಾಂ. ಬೇಕಾದದ್ದರ ಕಾಲುಭಾಗ.

ಅದೇ ಆಕೆ ಮಧ್ಯಾಹ್ನ ಒಂದು ರಾಗಿಮುದ್ದೆ ಉಂಡರೆ 280. ಮುದ್ದೆಗೆ 40 ಗ್ರಾಂ ಹುರುಳಿಕಾಳಿನ ಸಾರಾದರೆ, ಕಟ್ಟು ಮಾತ್ರವಲ್ಲದೆ ಕಾಳನ್ನೂ ತಿಂದರೆ, 100. ಮಧ್ಯಾಹ್ನಕ್ಕೊಂದು, ರಾತ್ರಿಗೊಂದು 150 ಗ್ರಾಂನ ಬಟ್ಟಲು ಗಟ್ಟಿ ಮೊಸರು, ಎರಡೂ ಸೇರಿ 360. ಪ್ರತಿ ಬಟ್ಟಲಿನಲ್ಲಿ ಲ್ಯಾಕ್ಟೋಸ್ 6–7 ಗ್ರಾಂ ಮೀರುವುದಿಲ್ಲವಾದ್ದರಿಂದ ಹೊಟ್ಟೆಗೂ ಭಾರವಾಗದು. 50 ಗ್ರಾಂ ನುಗ್ಗೆಸೊಪ್ಪಿನ ಪಲ್ಯ 150. ಎರಡು ಚಮಚ ಎಳ್ಳುಪುಡಿ ಸುಮಾರು 100. ಉಳಿದ ತರಕಾರಿ, ಬೇಳೆ, ಚಪಾತಿಗಳದ್ದು 200. ಕೂಡಿಸಿದರೆ 1190. ನುಗ್ಗೆಸೊಪ್ಪು ಸಿಗದ ದಿನ, ಮುದ್ದೆ ಬೇಡವೆನಿಸಿದ ದಿನ ಈ ಲೆಕ್ಕ ಎಂಟುನೂರಕ್ಕೋ ಒಂಬೈನೂರಕ್ಕೋ ಇಳಿಯುತ್ತದೆ. ದಿನ ದಿನವೂ ಅಷ್ಟಕ್ಕೇ ನಿಂತರೆ ಮಾತ್ರ ಮಾತ್ರೆಯ ಮಾತು.

ಮಾತ್ರೆಯ ಚೀಟಿ ಓದುವಾಗ ಜನ ಎಡವುವುದು ಒಂದೇ ಕಡೆ. "ಕ್ಯಾಲ್ಸಿಯಂ ಕಾರ್ಬೊನೇಟ್ 1250 ಮಿಲಿಗ್ರಾಂ" ಎಂದಿದ್ದರೆ ಅದರಲ್ಲಿರುವ ನಿಜವಾದ ಕ್ಯಾಲ್ಸಿಯಂ 500 ಮಾತ್ರ. ಕಾರ್ಬೊನೇಟಿನಲ್ಲಿ ಶೇಕಡಾ 40ರಷ್ಟೇ ಕ್ಯಾಲ್ಸಿಯಂ. ಸಿಟ್ರೇಟಿನಲ್ಲಿ 21. ಕಾರ್ಬೊನೇಟ್ ಕರಗಲು ಹೊಟ್ಟೆಯ ಆಮ್ಲ ಬೇಕು, ಅದನ್ನು ಊಟದ ಜೊತೆಗೇ ತೆಗೆದುಕೊಳ್ಳಬೇಕು. ಗ್ಯಾಸ್ಟ್ರಿಕ್‌ಗೆಂದು ದಿನವೂ ಆಮ್ಲ ತಗ್ಗಿಸುವ ಮಾತ್ರೆ ನುಂಗುವವರಿಗೆ ಸಿಟ್ರೇಟ್ ವಾಸಿ. ಒಂದು ಹೊತ್ತಿಗೆ 500 ಮಿಲಿಗ್ರಾಂಗಿಂತ ಹೆಚ್ಚು ನುಂಗಿದರೆ ಹೀರುವ ಪಾಲು ಇಳಿಯುತ್ತದೆ, ಎರಡು ಮಾತ್ರೆ ಬೇಕಿದ್ದರೆ ಬೆಳಿಗ್ಗೆ ಒಂದು, ರಾತ್ರಿ ಒಂದು. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಎರಡರ ನಡುವೆ ನಾಲ್ಕು ಗಂಟೆ ಬಿಡಬೇಕು, ಇಲ್ಲವಾದರೆ ಥೈರಾಯ್ಡ್ ಔಷಧವೇ ಹೀರದೆ ಹೋಗುತ್ತದೆ. ಕಬ್ಬಿಣದ ಮಾತ್ರೆಯನ್ನೂ ಬೇರೆ ಹೊತ್ತಿಗೆ ಇಡಬೇಕು. ಊಟ ಮಾತ್ರೆ ಎರಡೂ ಸೇರಿ ಐವತ್ತು ದಾಟಿದವರಿಗೆ ದಿನಕ್ಕೆ 2000 ಮಿಲಿಗ್ರಾಂ ಮೀರಬಾರದು. ಮೂತ್ರಪಿಂಡದಲ್ಲಿ ಕಲ್ಲಾಗಿದ್ದವರು ವೈದ್ಯರನ್ನು ಕೇಳದೆ ಮಾತ್ರೆ ಶುರು ಮಾಡಬಾರದು. ಊಟದ ಕ್ಯಾಲ್ಸಿಯಂ ಬಿಡುವ ಅಗತ್ಯ ಅವರಿಗೂ ಇಲ್ಲ, ಅದು ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದು ಹೊರಗೆ ಹಾಕಿ ಕಲ್ಲಿನ ಸಾಧ್ಯತೆಯನ್ನು ತಗ್ಗಿಸುತ್ತದೆ. ವಿಟಮಿನ್ ಡಿ ಕಡಿಮೆಯಿದ್ದರೆ ಊಟವೂ ಮಾತ್ರೆಯೂ ಪೂರ್ತಿ ಫಲ ಕೊಡವು, ಅದನ್ನು ರಕ್ತ ಪರೀಕ್ಷೆಯಲ್ಲಿ ನೋಡಿಸಿಕೊಳ್ಳಬಹುದು.

ಇಷ್ಟಕ್ಕೂ ಹಾಲು ನಿಜವಾಗಿ ಒಗ್ಗುವುದಿಲ್ಲವೇ ಎಂದು ಮೊದಲು ಖಚಿತ ಮಾಡಿಕೊಳ್ಳಬೇಕು. ದೊಡ್ಡ ಆಸ್ಪತ್ರೆಗಳಲ್ಲಿ ಉಸಿರಿನ ಪರೀಕ್ಷೆ ಇದೆ. ಬರಿಹೊಟ್ಟೆಯಲ್ಲಿ ನೀರಿನಲ್ಲಿ ಕರಗಿಸಿದ ಲ್ಯಾಕ್ಟೋಸ್ ಕುಡಿಸಿ, ಮೂರು ಗಂಟೆ ಕಾಲ ಆಗಾಗ ಉಸಿರಿನಲ್ಲಿನ ಹೈಡ್ರೋಜನ್ ಅಳೆಯುತ್ತಾರೆ. ಮನೆಯಲ್ಲೂ ಒಂದು ಪರೀಕ್ಷೆ ಸಾಧ್ಯ. ಎರಡು ವಾರ ಹಾಲು, ಖೋವಾ, ಐಸ್‌ಕ್ರೀಂ ಪೂರ್ತಿ ಬಿಟ್ಟು ನೋಡುವುದು. ಹೊಟ್ಟೆ ಸರಿಹೋದರೆ ಮೊದಲು ಊಟದ ಜೊತೆ ಅರ್ಧ ಬಟ್ಟಲು ಮೊಸರು, ಮೂರ್ನಾಲ್ಕು ದಿನ ಬಿಟ್ಟು ಪೂರ್ತಿ ಬಟ್ಟಲು, ಆಮೇಲೆ ಕಾಫಿಗೆ ಹಾಲು. ಎಲ್ಲಿ ತೊಂದರೆ ಶುರುವಾಗುತ್ತದೋ ಅದರ ಹಿಂದಿನ ಮೆಟ್ಟಿಲೇ ಆ ವ್ಯಕ್ತಿಯ ಮಿತಿ. ವಾಂತಿಭೇದಿಯಾಗಿ ಎದ್ದ ಮೇಲೆ ಕೆಲವು ವಾರ ಮಾತ್ರ ಹಾಲು ಒಗ್ಗದಿರುವುದೂ ಉಂಟು, ಕರುಳು ಸುಧಾರಿಸಿದಾಗ ಅದು ತಾನೇ ಹೋಗುತ್ತದೆ. ತೂಕ ಇಳಿಯುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ ಇದ್ದರೆ ಅದನ್ನು ಹಾಲಿನ ತಲೆಗೆ ಕಟ್ಟದೆ ವೈದ್ಯರ ಬಳಿ ಹೋಗಬೇಕು. ಹಾಲು ಕುಡಿದ ಕೂಡಲೇ ಮೈಮೇಲೆ ದದ್ದು, ತುಟಿ ಊತ, ಉಸಿರುಕಟ್ಟು ಬಂದರೆ ಅದು ಹಾಲಿನ ಅಲರ್ಜಿ. ಅವರಿಗೆ ಮೊಸರೂ ಲ್ಯಾಕ್ಟೋಸ್ ಇಲ್ಲದ ಹಾಲೂ ಆಗಬಾರದು.

ಮನೆಯಲ್ಲಿ ಹಾಲು ಬಿಟ್ಟ ಅಮ್ಮನೋ ಅತ್ತೆಯೋ ಇದ್ದರೆ ಅವರು ನಿನ್ನೆ ಬೆಳಿಗ್ಗೆಯಿಂದ ರಾತ್ರಿವರೆಗೆ ಏನೇನು ಉಂಡರು ಎಂದು ಕೇಳಿ ಒಂದು ಕಾಗದದ ಮೇಲೆ ಬರೆದು ಕೂಡಿಸಿ ನೋಡಿ. ಮೊತ್ತ 500 ದಾಟದಿದ್ದರೆ ನಾಳೆಯ ಊಟಕ್ಕೆ ಒಂದು ಬಟ್ಟಲು ಮೊಸರನ್ನು ಮತ್ತೆ ಬಡಿಸಲು ಶುರು ಮಾಡಿ.